ಬಾಟಲಿಗೆ ಬಾಕ್ಸ್ ಅಳತೆ ಹಾಕುವುದು: ನನ್ನ ಅನುಭವ

ಶ್ರೀನಿವಾಸಪುರದಲ್ಲಿ ಮಾವಿನಕಾಯಿ ಉಪ್ಪಿನಕಾಯಿ ಮಾಡಿ ಗಾಜಿನ ಬಾಟಲಿಯಲ್ಲಿ ಕೊರಿಯರ್ ಮೂಲಕ ಕಳಿಸುತ್ತೇನೆ. ಎಣ್ಣೆ ತುಂಬಿದ ಬಾಟಲಿ ಒಂದು ಒಡೆದರೆ ಉಳಿದವೂ ಕೆಟ್ಟ ಹಾಗೆಯೇ. ಜೊತೆಗೆ ಹೋಗುವ ಬೇರೆಯವರ ಪಾರ್ಸಲ್ ಕೂಡ ಹಾಳಾಗುತ್ತದೆ. ಹಾಗಾಗಿ ರಟ್ಟಿನ ಬಾಕ್ಸ್ ಯಾವ ಅಳತೆಯದ್ದು ಬೇಕು ಅನ್ನುವುದನ್ನು ನಾನು ಅಂಗಡಿಯಲ್ಲಿ ಸಿಗುವ ಬಾಕ್ಸ್ ನೋಡಿ ತೀರ್ಮಾನ ಮಾಡುವುದಿಲ್ಲ. ಬಾಟಲಿಯಿಂದ ಶುರು ಮಾಡಿ ಹೊರಗೆ ಬರುತ್ತೇನೆ.

ನನ್ನ ಅರ್ಧ ಕಿಲೋ ಬಾಟಲಿಯ ಅಗಲ 8.5 ಸೆಂ.ಮೀ., ಮುಚ್ಚಳ ಸೇರಿ ಎತ್ತರ 12.5 ಸೆಂ.ಮೀ. ಆದರೆ ಈ ಅಳತೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಬಬಲ್ ಶೀಟ್ ಎರಡು ಸುತ್ತು ಸುತ್ತಿ, ಮೇಲೆ ಕೆಳಗೆ ಮಡಚಿ, ಟೇಪ್ ಹಾಕಿದ ಮೇಲೆ ಮತ್ತೆ ಅಳೆಯುತ್ತೇನೆ. ಆಗ ಅಗಲ 10, ಎತ್ತರ 14.5 ಆಗುತ್ತದೆ. ಇದೇ ನಿಜವಾದ ಅಳತೆ.

ನಾಲ್ಕು ಬಾಟಲಿಯ ಆರ್ಡರ್ ಅಂದುಕೊಳ್ಳಿ. ಎರಡೆರಡು ಸಾಲಾಗಿ ಇಟ್ಟು, ನಡುವೆ 3 ಪ್ಲೈ ರಟ್ಟಿನ ಅಡ್ಡಗೋಡೆ ಹಾಕುತ್ತೇನೆ. ಅದರ ದಪ್ಪ ಸುಮಾರು 3 ಮಿ.ಮೀ. ಈ ರಟ್ಟು ಸುತ್ತಿದ ಬಾಟಲಿಯಷ್ಟೇ ಎತ್ತರ ಇರಬೇಕು. ಗಿಡ್ಡ ಇದ್ದರೆ ಮೇಲ್ಗಡೆ ಒಂದು ಬಾಟಲಿಯ ಹೆಗಲು ಇನ್ನೊಂದಕ್ಕೆ ತಾಗುತ್ತದೆ. ನಾನು ಕಂಡಂತೆ ಗಾಜು ಹೊರಗೋಡೆಗೆ ಬಡಿದು ಒಡೆಯುವುದಕ್ಕಿಂತ ಪಕ್ಕದ ಗಾಜಿಗೆ ಬಡಿದು ಒಡೆಯುವುದೇ ಜಾಸ್ತಿ.

ಈ ನಾಲ್ಕನ್ನೂ ಒಂದು ಸಣ್ಣ 3 ಪ್ಲೈ ಬಾಕ್ಸ್‌ನಲ್ಲಿ ಬಿಗಿಯಾಗಿ ಕೂರಿಸುತ್ತೇನೆ. ಅದರ ಒಳಗಿನ ಅಳತೆ 20.5 × 20.5 × 14.5. ಸುಮ್ನೆ ಬಿಡಿಬಿಡಿಯಾಗಿ ಕಾಗದದ ನಡುವೆ ಇಟ್ಟರೆ ದಾರಿಯಲ್ಲಿ ಒಂದೊಂದು ಒಂದೊಂದು ಕಡೆ ಜಾರುತ್ತದೆ. ಸಣ್ಣ ಬಾಕ್ಸ್ ಇದ್ದರೆ ನಾಲ್ಕೂ ಸೇರಿ ಒಂದೇ ವಸ್ತು ಆಗುತ್ತವೆ. ಅದರ ಹೊರ ಅಳತೆ 21.1 × 21.1 × 15.7. ಉದ್ದ, ಅಗಲಕ್ಕೆ ಎರಡು ಗೋಡೆ ಸೇರುತ್ತವೆ. ಎತ್ತರಕ್ಕೆ ಮಾತ್ರ ನಾಲ್ಕು ಪದರ, ಯಾಕಂದ್ರೆ ಮೇಲೂ ಕೆಳಗೂ ಮಡಿಕೆಗಳು ಒಂದರ ಮೇಲೊಂದು ಬೀಳುತ್ತವೆ.

ಇನ್ನು ಹೊರ ಬಾಕ್ಸ್. ಆರೂ ಕಡೆ 5 ಸೆಂ.ಮೀ. ಜಾಗ ಬಿಡುತ್ತೇನೆ. "ಈ ಕಡೆ ಮೇಲೆ" ಅಂತ ಚೀಟಿ ಅಂಟಿಸಿದರೂ ಬೆಂಗಳೂರಿನ ಗೋಡೌನ್‌ನಲ್ಲಿ ಪಾರ್ಸಲ್ ಯಾವ ಮಗ್ಗುಲಿಗೆ ಬೇಕಾದರೂ ಮಲಗುತ್ತದೆ, ಅಲ್ವಾ? ಹಾಗಾಗಿ ಮೇಲ್ಭಾಗಕ್ಕೆ ಕಡಿಮೆ ಸಾಕು ಅನ್ನುವ ಲೆಕ್ಕ ನಡೆಯುವುದಿಲ್ಲ. ಎಲ್ಲ ಕೂಡಿದರೆ ಒಳಗೆ 31.1 × 31.1 × 25.7 ಬೇಕು. ರೆಡಿ ಸಿಗುವ 12 × 12 × 10 ಇಂಚಿನ 5 ಪ್ಲೈ ಬಾಕ್ಸ್ ಅಂದರೆ 30.5 × 30.5 × 25.4. ಪಕ್ಕದಲ್ಲಿ 4.7, ಮೇಲೆ ಕೆಳಗೆ 4.85 ಉಳಿಯುತ್ತದೆ. 3 ಮಿ.ಮೀ. ಕೊರತೆ ನಾನು ಒಪ್ಪಿಕೊಳ್ಳುತ್ತೇನೆ. 1 ಸೆಂ.ಮೀ. ಆದರೆ ಒಪ್ಪುವುದಿಲ್ಲ.

ಆದರೆ ಆ 12 ಇಂಚು ಒಳಗಿನದ್ದಾ, ಹೊರಗಿನದ್ದಾ? ಇದನ್ನು ಕೇಳಲೇಬೇಕು. "ಅಣ್ಣ, ಇದು ಒಳ ಅಳತೆನಾ?" ಅಂದರೆ "ಹನ್ನೆರಡು ಅಂದ್ರೆ ಹನ್ನೆರಡೇ ಅಕ್ಕಾ" ಅನ್ನುವ ಅಂಗಡಿಯವರೂ ಇದ್ದಾರೆ. ಅದಕ್ಕೇ ಟೇಪ್ ಹಿಡಿದು ಒಂದು ಬಾಕ್ಸ್ ಬಿಡಿಸಿ ಒಳಗೇ ಅಳೆಯುತ್ತೇನೆ. ನಾನು ತರುವ 5 ಪ್ಲೈ ರಟ್ಟು ಸುಮಾರು 6 ಮಿ.ಮೀ. ದಪ್ಪ. ಹೇಳಿದ್ದು ಹೊರ ಅಳತೆ ಆಗಿದ್ದರೆ ಒಳಗೆ ಸಿಗುವುದು 29.3 × 29.3 × 23 ಮಾತ್ರ. ಆಗ ಪಕ್ಕದ ಜಾಗ 4.1ಕ್ಕೆ ಇಳಿಯುತ್ತದೆ. ಮೇಲೆ ಕೆಳಗೆ 3.65 ಅಷ್ಟೇ. ಜಾಸ್ತಿ ಕಡಿಮೆಯಾಗುವುದು ಎತ್ತರದಲ್ಲಿ, ಅಂದರೆ ಭಾರ ಕೂರುವ ತಳದಲ್ಲೇ.

ತಳದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ನಾನು ಮುದುಡಿದ ಕಂದು ಕಾಗದ ತುಂಬುತ್ತೇನೆ. ಅದು ಭಾರಕ್ಕೆ ಕುಗ್ಗುತ್ತದೆ, ಲಾರಿ ಕುಲುಕಿದಷ್ಟೂ ಇನ್ನೂ ಕುಗ್ಗುತ್ತದೆ. ಹಾಗಾಗಿ ತಳಕ್ಕೆ ಸಡಿಲವಾಗಿ 8 ಸೆಂ.ಮೀ.ವರೆಗೆ ಹಾಕಿ, ಕೈಯಲ್ಲಿ ಒತ್ತಿ, ಒಳ ಬಾಕ್ಸ್ ಇಟ್ಟಾಗ 5ಕ್ಕೆ ನಿಲ್ಲುವ ಹಾಗೆ ನೋಡುತ್ತೇನೆ. ಹೊಸ ಅಳತೆಯ ಬಾಕ್ಸ್ ಬಳಸುವ ಮುಂಚೆ ಮುಚ್ಚದೆ ಒಂದು ರಾತ್ರಿ ಹಾಗೇ ಬಿಡುತ್ತೇನೆ. ಬೆಳಿಗ್ಗೆ ಒಳ ಬಾಕ್ಸ್‌ನ ತಲೆಯಿಂದ ಹೊರ ಬಾಕ್ಸ್‌ನ ಮಡಿಕೆ ಗೆರೆವರೆಗೆ ಅಳೆಯುತ್ತೇನೆ. ಸುಮಾರು 5 ಇರಬೇಕಾದ ಜಾಗ 6.5 ಆಗಿದ್ದರೆ ತಳ ಒಂದೂವರೆ ಸೆಂ.ಮೀ. ಕುಸಿದಿದೆ ಅಂತ ಅರ್ಥ. ಆಗ ಕಾಗದ ಇನ್ನೂ ಬಿಗಿಯಾಗಿ ಮುದುಡಿ ಮತ್ತೆ ತುಂಬುತ್ತೇನೆ.

ಪಕ್ಕಗಳಲ್ಲಿ ಮೂಲೆಗಳನ್ನು ಮೊದಲು ತುಂಬುತ್ತೇನೆ, ಆಮೇಲೆ ನಡುಭಾಗ. ಮೇಲೆ ಮಾತ್ರ ಮಡಿಕೆ ಗೆರೆಗಿಂತ ಒಂದು ಸೆಂ.ಮೀ. ಮೇಲಕ್ಕೆ ಬರುವಷ್ಟು ಹಾಕುತ್ತೇನೆ. ಮುಚ್ಚುವಾಗ ಅಂಗೈಯಿಂದ ಸ್ವಲ್ಪ ಒತ್ತಬೇಕು. ಒತ್ತದೆ ಮುಚ್ಚಿಕೊಂಡರೆ ಒಳಗೆ ಟೊಳ್ಳಿದೆ. ಮೇಲೆ ಬೇರೆ ಪಾರ್ಸಲ್ ಇಟ್ಟಾಗ ಮುಚ್ಚಳ ಒಳಕ್ಕೆ ಬಾಗುತ್ತದೆ. ಒತ್ತಿದರೂ ಬದಿಗಳು ಉಬ್ಬಿದರೆ ತುಂಬಿದ್ದು ಜಾಸ್ತಿಯಾಗಿದೆ. ಉಬ್ಬಿದ ಗೋಡೆ ಮೇಲಿನ ಭಾರ ಹೊರುವುದಿಲ್ಲ.

ಪರೀಕ್ಷೆಗೆ ಬಾಟಲಿಯಲ್ಲಿ ಉಪ್ಪುನೀರು ತುಂಬಿ, ಪ್ಲಾಸ್ಟಿಕ್ ಕವರ್‌ನಲ್ಲಿ ಕಟ್ಟಿ, ಇದೇ ರೀತಿ ಪ್ಯಾಕ್ ಮಾಡಿ ಬೀಳಿಸುತ್ತೇನೆ. ಇಸ್ಟಾ 1ಎ ಅನ್ನುವ ಸಾಗಣೆ ಪರೀಕ್ಷೆಯಲ್ಲಿ ಇಷ್ಟು ಹಗುರವಾದ ಪೆಟ್ಟಿಗೆಗೆ 76 ಸೆಂ.ಮೀ. ಎತ್ತರ ಹೇಳಿದ್ದಾರೆ. ಒಂದು ಮೂಲೆ, ಆ ಮೂಲೆಗೆ ಸೇರುವ ಮೂರು ಅಂಚು, ಆರು ಮುಖ, ಒಟ್ಟು 10 ಸಲ ಬೀಳಿಸಬೇಕು. ಆಮೇಲೆ ಬಿಚ್ಚಿ ಬಾಟಲಿ ಉಳಿದಿದೆಯಾ ಅಂತಷ್ಟೇ ನೋಡಿದರೆ ಸಾಲದು. ಒಳ ಬಾಕ್ಸ್‌ನ ಮೂಲೆ ಜಜ್ಜಿದ್ದರೆ, ಅದು ಹೊರಗೋಡೆವರೆಗೂ ಹೋಗಿ ಬಡಿದಿದೆ. ಬಬಲ್ ಒಂದೇ ಕಡೆ ಒಡೆದಿದ್ದರೆ, ಆ ಕಡೆಯ ಮೆತ್ತೆ ಸೋತಿದೆ. ಬಾಟಲಿ ಗಟ್ಟಿಯಾಗಿಯೇ ಇದ್ದರೂ ಅಲ್ಲಿ ಇನ್ನಷ್ಟು ಒತ್ತಿ ತುಂಬಬೇಕು.

ಇಷ್ಟು ಜಾಗ ಬಿಟ್ಟರೆ ಕೊರಿಯರ್ ಖರ್ಚು ಏರುತ್ತದೆ, ನಿಜ. ಅನೇಕ ಕೊರಿಯರ್‌ನವರು ಹೊರ ಅಳತೆಯ ಉದ್ದ, ಅಗಲ, ಎತ್ತರವನ್ನು ಸೆಂ.ಮೀ.ನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ. ಆ ತೂಕ, ತಕ್ಕಡಿಯ ತೂಕ, ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು. ನನ್ನ ಬಾಕ್ಸ್ ಹೊರಗೆ 31.7 × 31.7 × 27.8, ಅಂದರೆ 5.6 ಕಿಲೋ. ತಕ್ಕಡಿಯಲ್ಲಿ ತೂಗುವುದು ನಾಲ್ಕೂವರೆ ಕಿಲೋದೊಳಗೆ. ಮೆತ್ತೆ ಕಡಿಮೆ ಮಾಡಿ ಇದನ್ನು ಉಳಿಸುವುದು ನನಗೆ ಸರಿ ಕಾಣುವುದಿಲ್ಲ. ಅದರ ಬದಲು ಆರು ಬಾಟಲಿಯ ಆರ್ಡರ್ ಕೇಳುತ್ತೇನೆ. 12 × 16 × 10 ಇಂಚಿನ ಬಾಕ್ಸ್‌ನಲ್ಲಿ ಎರಡು ಮೂರು ಸಾಲಾಗಿ ಆರು ಕೂರುತ್ತವೆ, ಸುತ್ತ ನಾಲ್ಕೂವರೆ ಸೆಂ.ಮೀ.ಗೆ ಕಡಿಮೆಯಾಗದ ಜಾಗವೂ ಉಳಿಯುತ್ತದೆ. ಲೆಕ್ಕದ ತೂಕ 7.4 ಕಿಲೋ. ಬಾಟಲಿಗೆ 1.4 ಬೀಳುತ್ತಿದ್ದದ್ದು 1.23ಕ್ಕೆ ಇಳಿಯುತ್ತದೆ, ಯಾಕಂದ್ರೆ ಅದೇ ಹೊರಗಿನ ಜಾಗವನ್ನು ಆರು ಬಾಟಲಿ ಹಂಚಿಕೊಳ್ಳುತ್ತವೆ. ಹನ್ನೆರಡು ಕೇಳಿದವರಿಗೆ ಆರಾರರ ಎರಡು ಬಾಕ್ಸ್ ಕಳಿಸುತ್ತೇನೆ. ಎಲ್ಲವನ್ನೂ ಒಂದರಲ್ಲೇ ಹಾಕಿದರೆ ತಳದ ಕಾಗದದ ಮೇಲೆ ಭಾರ ಎರಡರಷ್ಟಾಗುತ್ತದೆ, ಎತ್ತುವವರ ಕೈಯಿಂದ ಜಾರುವುದೂ ಜಾಸ್ತಿ.