ಮೊದಲ ಸಲ ಮೆಂಟರ್ ಆದೆ, ಬಾಯಿ ಮುಚ್ಕೊಂಡು ಕೂತೆ, ಹೇಳಿದ್ ಟೈಮಿಗೆ ಮುಗಿಸ್ದೆ

ನಮ್ಮ ಆಫೀಸಲ್ಲಿ ಮೆಂಟರಿಂಗ್ ಅಂದ್ರೆ ಗೊತ್ತಲ್ಲ, ಎಚ್‌ಆರ್ ಇಬ್ಬರ ಹೆಸರು ಜೋಡಿಸಿ ಮೇಲ್ ಕಳಿಸ್ತಾರೆ, ಮೊದಲ ಮೀಟಿಂಗ್ ಜೋರಾಗಿ ನಡೆಯತ್ತೆ, ಎರಡನೇದು ಮುಂದಕ್ಕೆ ಹೋಗತ್ತೆ, ಮೂರನೇದು ಆಗೋದೇ ಇಲ್ಲ. ಆಮೇಲೆ ಲಿಫ್ಟ್‌ನಲ್ಲಿ ಎದುರಾದಾಗ ಇಬ್ಬರಿಗೂ ಮುಜುಗರ. ನಾನು "ಆರು ತಿಂಗಳು, ಮೊದ್ಲೇ ಒಂದು ಹಾಳೇಲಿ ಬರೆದಿಟ್ಟು, ಆದಷ್ಟು ಸಲಹೆ ಕೊಡದೆ ಮಾಡ್ತೀನಿ" ಅಂದಾಗ ಪಕ್ಕದ ಟೀಮಿನ ಸೀನಿಯರ್ ಒಬ್ರು ನಕ್ಕಿದ್ರು. ಸಲಹೆ ಕೊಡಲ್ಲ ಅಂದ್ರೆ ನೀನ್ಯಾಕೆ, ಗೋಡೆ ಸಾಕಲ್ವಾ ಅಂತ. ಈಗ ಅವ್ರೇ ಆ ಹಾಳೆ ಕೇಳ್ತಿದಾರೆ, ಅದಕ್ಕೇ ಇದನ್ನ ಬರೀತಾ ಇರೋದು.

ನನಗೆ ಸಿಕ್ಕಿದ್ದು ಟೆಸ್ಟಿಂಗ್‌ನಲ್ಲಿ ನಾಲ್ಕು ವರ್ಷ ಕೆಲಸ ಮಾಡಿದ್ದ ಹುಡುಗ. ಡೆವಲಪರ್ ಆಗ್ಬೇಕು ಅಂತ ಆಸೆ. ಮೊದಲನೇ ದಿನವೇ ಕೇಳಿದ್ದು ಒಂದೇ ಪ್ರಶ್ನೆ: "ಮೇಡಂ, ಎರಡು ಕೋರ್ಸ್ ನೋಡಿಟ್ಟಿದೀನಿ, ಯಾವುದು ತಗೊಳ್ಲಿ?" ಎರಡರಲ್ಲಿ ಚಿಕ್ಕದರ ಫೀಸೇ ಹೆಚ್ಚುಕಮ್ಮಿ ಅವನ ಎರಡೂವರೆ ತಿಂಗಳ ಸಂಬಳ, ಕಂತಲ್ಲಿ ಕಟ್ಟೋಕೆ ರೆಡಿ ಆಗಿದ್ದ. ಬಾಯಿ ತುದೀಲಿ ಉತ್ತರ ಇತ್ತು, ಆದ್ರೂ ನುಂಗ್ಕೊಂಡೆ. ಮುಂದಿನ ಭೇಟಿವರೆಗೂ ದುಡ್ಡು ಕಟ್ಬೇಡಿ ಅಂತಷ್ಟೇ ಹೇಳಿ ಹಾಳೆ ತೆಗೆದೆ.

ಹಾಳೆ ಅಂದ್ರೆ ಅರ್ಧ ಪುಟ ಅಷ್ಟೇ. ಮೇಲೆ ಒಂದೇ ಸಾಲು ಗುರಿ, ಅದನ್ನ ಅವನೇ ಬರೀಬೇಕು. ಮೊದಲು "ಒಳ್ಳೆ ಡೆವಲಪರ್ ಆಗೋದು" ಅಂತ ಬರೆದ. ಇದು ಆರು ತಿಂಗಳಲ್ಲಿ ಆಯ್ತೋ ಇಲ್ವೋ ಅಂತ ಹೇಗೆ ನೋಡ್ತೀರಿ ಅಂತ ಕೇಳಿದ್ಮೇಲೆ ಹೊಡೆದು ಹಾಕಿ "ಟೆಸ್ಟಿಂಗ್ ಬಿಡ್ಬೇಕಾ ಬೇಡ್ವಾ ಅಂತ ತೀರ್ಮಾನ ಮಾಡಿ, ಮೊದಲ ಹೆಜ್ಜೆ ಇಟ್ಟಿರೋದು" ಅಂತ ಬರೆದ. ಗುರಿ ಅಂದ್ರೆ ಇಷ್ಟು ಚಿಕ್ಕದಿರ್ಬೇಕು. ಅದರ ಕೆಳಗೆ ಎರಡು ವಾರಕ್ಕೊಂದ್ ಸಲ, 45 ನಿಮಿಷ, ಮುಗಿಯೋ ತಾರೀಖು. ತಾರೀಖನ್ನ ಮೊದಲ ದಿನವೇ ಇಬ್ಬರ ಕ್ಯಾಲೆಂಡರಿಗೂ ಹಾಕಿದ್ವಿ, ಇದು ಕೊನೇಲಿ ತುಂಬಾ ಉಪಯೋಗಕ್ಕೆ ಬಂತು, ಆಮೇಲೆ ಹೇಳ್ತೀನಿ. ಎರಡನೇ ಭೇಟಿ ಆದ್ಮೇಲೆ ಯಾರು ಬೇಕಾದ್ರೂ ಕಾರಣ ಹೇಳದೆ ನಿಲ್ಲಿಸಬಹುದು ಅಂತಾನೂ ಒಂದು ಸಾಲು.

ಆದ್ರೆ ಹಾಳೇಲಿ ನಿಜವಾಗಿ ಕೆಲಸ ಮಾಡೋದು "ಇದರಲ್ಲಿ ಇಲ್ಲ" ಅನ್ನೋ ಭಾಗ. ಕೋಡಿಂಗ್ ಪಾಠ ಇಲ್ಲ, ರೆಫರಲ್ ಇಲ್ಲ, ಅವನ ಪರವಾಗಿ ಮ್ಯಾನೇಜರ್ ಹತ್ರ ಮಾತಾಡೋದಿಲ್ಲ, ಅಪ್ರೈಸಲ್ ವಿಷಯಕ್ಕೆ ತಲೆ ಹಾಕಲ್ಲ, ದುಡ್ಡಿನ ವ್ಯವಹಾರ ಇಲ್ಲ. ಜೊತೆಗೆ ಗುಟ್ಟಿನ ಸಾಲು: ಇಲ್ಲಿ ಆಡಿದ ಮಾತು ಇಲ್ಲೇ, ಯಾರಿಗಾದ್ರೂ ಅಪಾಯ ಅಥವಾ ಕಿರುಕುಳದಂಥ ವಿಷಯ ಬಂದ್ರೆ ಮಾತ್ರ ನಾನು ಮುಚ್ಚಿಡಕ್ಕಾಗಲ್ಲ, ಅದನ್ನ ಅವನಿಗೆ ಹೇಳೇ ಮುಂದಕ್ಕೆ ಹೋಗ್ತೀನಿ. ಹೊಸಬರು ಈ ವಿನಾಯಿತಿ ಬರೆಯೋದನ್ನ ಬಿಡ್ತಾರೆ, "ಎಲ್ಲಾ ಗುಟ್ಟು" ಅಂತ ಮಾತು ಕೊಟ್ಟು ಆಮೇಲೆ ಸಿಕ್ಕಾಕೊಳ್ತಾರೆ.

ಎರಡನೇ ತಿಂಗಳಲ್ಲೇ ಪರೀಕ್ಷೆ ಬಂತು. ಅವನ ಮ್ಯಾನೇಜರ್ ಕಾರಿಡಾರಲ್ಲಿ ಹಿಡ್ಕೊಂಡು "ಏನಂತಾನೆ ನಮ್ ಹುಡುಗ, ಬಿಟ್ಟು ಹೋಗೋ ಪ್ಲಾನ್ ಇದ್ಯಾ" ಅಂತ ಮೆತ್ತಗೆ ಕೇಳಿದ್ರು. ಹಾಳೆ ಇಲ್ದೇ ಇದ್ರೆ ನಾನು ಏನೋ ತೊದಲಿ ಹೇಳಿರ್ತಿದ್ದೆ, ಆ ತೊದಲೋದೇ ಅವ್ರಿಗೆ ಉತ್ತರ ಆಗಿರ್ತಿತ್ತು. "ಭೇಟಿ ಆಗ್ತಿದೀವಿ, ಏನ್ ಮಾತಾಡ್ತೀವಿ ಅನ್ನೋದು ಹೊರಗೆ ಬರಲ್ಲ ಅಂತ ಬರೆದ್ಕೊಂಡಿದೀವಿ, ಅವನನ್ನೇ ಕೇಳಿ" ಅಂದೆ. ಸ್ವಲ್ಪ ಮುಖ ಗಂಟಿಕ್ಕಿದ್ರು ಅಷ್ಟೇ. ಹುಡುಗ ರೆಫರಲ್ ಕೂಡ ಕೇಳ್ದ, ಅವನ ಗೆಳೆಯನ ಕಂಪನೀಲಿ ನನಗೆ ಪರಿಚಯ ಇದೆ ಅಂತ ಹೇಗೋ ಗೊತ್ತಾಗಿತ್ತು. ಹಾಳೇಲಿಲ್ಲ, ಈ ಆರು ತಿಂಗಳು ಮುಗಿದ್ಮೇಲೆ ಬೇರೆಯಾಗಿ ಕೇಳಿ, ಆಗ ಯೋಚನೆ ಮಾಡ್ತೀನಿ ಅಂದೆ. ಅವತ್ತು ಬೇಜಾರ್ ಮಾಡ್ಕೊಂಡ. ಮುಂದಿನ ಸಲ ಬಂದ. ನಾನು ರೆಫರಲ್ ಕೊಟ್ಟಿದ್ರೆ ಆಮೇಲೆ ಅವನು ನನ್ನ ಮುಂದೆ ತನ್ನ ಅನುಮಾನ ಹೇಳ್ತಾನೇ ಇರ್ಲಿಲ್ಲ, ಇಂಟರ್ವ್ಯೂ ಕೊಟ್ಟಂಗೆ ಮಾತಾಡಿರ್ತಿದ್ದ.

ಇನ್ನು ಕೇಳಿಸ್ಕೊಳ್ಳೋ ವಿಷಯ. ಕೇಳಿಸ್ಕೊಳ್ತೀನಿ ಅಂತ ಎಲ್ರೂ ಅಂದ್ಕೊಂಡಿರ್ತೀವಿ, ಅಳೆದು ನೋಡಿದ್ರೇನೇ ಗೊತ್ತಾಗೋದು. ರೆಕಾರ್ಡ್ ಮಾಡೋದು ಬೇಡ ಅಂತ ನೋಟ್‌ಬುಕ್ಕಲ್ಲಿ ಪುಟದ ಮಧ್ಯ ಗೆರೆ ಎಳ್ಕೊಂಡೆ: ನಾನು ಪ್ರಶ್ನೆ ಕೇಳಿದ್ರೆ ಎಡಗಡೆ ಒಂದು ಗೀಟು, ಸಲಹೆ ಅಥವಾ "ನಮ್ ಕಾಲದಲ್ಲಿ" ಟೈಪ್ ಕತೆ ಹೇಳಿದ್ರೆ ಬಲಗಡೆ ಒಂದು ಗೀಟು. ಮೊದಲೆರಡು ಭೇಟೀಲಿ ಬಲಗಡೆ ಹದಿನೈದು ಇಪ್ಪತ್ತು ಗೀಟು, ಎಡಗಡೆ ನಾಲ್ಕೈದು. "ಆ ಪುಸ್ತಕ ಓದಿದೀರಾ?", "ಮ್ಯಾನೇಜರ್ ಹತ್ರ ಮಾತಾಡಬಹುದಲ್ವಾ?" ಇವೆಲ್ಲ ಪ್ರಶ್ನೆ ಥರ ಕಂಡ್ರೂ ಸಲಹೆನೇ, ಬಲಗಡೆಗೇ ಹಾಕ್ಬೇಕು, ಇಲ್ಲಿ ಮೋಸ ಮಾಡ್ಕೊಳ್ಳೋದು ಸುಲಭ. ಆಮೇಲೆ ಒಂದು ರೂಲ್ ಮಾಡ್ಕೊಂಡೆ, ಮೊದಲ 30 ನಿಮಿಷ ಸಲಹೆ ಬಂದ್, ಆಮೇಲೂ ಅವನಾಗೇ ಕೇಳಿದ್ರೆ ಮಾತ್ರ ಒಂದು. ಮೂರನೇ ತಿಂಗಳ ಹೊತ್ತಿಗೆ ಬಲಗಡೆ ಒಂದೋ ಎರಡೋ ಉಳೀತು.

ಇನ್ನೊಂದು ಲಕ್ಷಣ ಇದೆ. ಎದುರಿಗಿರೋರು ನೀವು ಹೇಳಿದ್ದಕ್ಕೆಲ್ಲ ತಕ್ಷಣ "ಸರಿ ಮೇಡಂ", "ಹೌದು ಮೇಡಂ" ಅಂತ ತಲೆ ಆಡಿಸಿ ನೋಟ್ಸ್ ಬರ್ಕೊಳ್ತಿದ್ರೆ ಮೀಟಿಂಗ್ ಚೆನ್ನಾಗಿ ನಡೀತಿದೆ ಅಂತ ಅಂದ್ಕೊಳ್ಬೇಡಿ, ಅವ್ರು ನಿಮ್ಮನ್ನ ಬೇಗ ಮುಗಿಸ್ತಿದಾರೆ ಅಷ್ಟೇ. ಎರಡು ವಾರ ಬಿಟ್ಟು ಕೇಳಿ, ಬರ್ಕೊಂಡಿದ್ರಲ್ಲಿ ಒಂದೂ ಮಾಡಿರಲ್ಲ.

ಮೂರನೇ ಭೇಟೀಲೋ ನಾಲ್ಕನೇದ್ರಲ್ಲೋ ಮತ್ತೆ ಕೋರ್ಸ್ ವಿಷಯ ಬಂತು. ನಾನು ಕೋರ್ಸ್ ಬಗ್ಗೆ ಮಾತೇ ಆಡದೆ, ಹೋದ ತಿಂಗಳು ಯಾವ ಕೆಲಸ ಮಾಡುವಾಗ ಟೈಮ್ ಹೋಗಿದ್ದು ಗೊತ್ತಾಗ್ಲಿಲ್ಲ ಅಂತ ಕೇಳಿದೆ. ಸುಮ್ನಾದ. ಈ ಸುಮ್ನಿರೋದನ್ನ ತಡ್ಕೊಳ್ಳೋದೇ ಕಷ್ಟ, ಮನಸಲ್ಲೇ ಎಂಟರವರೆಗೆ ಎಣಿಸ್ತೀನಿ, ಆರಕ್ಕೆಲ್ಲ ಬಾಯಿ ತುರಿಸತ್ತೆ. ಆಮೇಲೆ ಅವನೇ ಶುರು ಮಾಡ್ದ: ತಿಂಗಳ ಕೊನೇ ದಿನ ರಾತ್ರಿ ಮಾತ್ರ ಕೆಲವು ಪೇಮೆಂಟ್ ಫೇಲ್ ಆಗ್ತಿತ್ತಂತೆ, ಯಾರಿಗೂ ಸಿಕ್ತಿರ್ಲಿಲ್ಲ, ಇವನು ಎರಡು ಸರ್ವರ್ ಲಾಗ್ ಪಕ್ಕಪಕ್ಕ ಇಟ್ಟು ನೋಡಿದಾಗ ಒಂದರಲ್ಲಿ ಟೈಮ್‌ಝೋನ್ ಬೇರೆ ಇತ್ತು, ಒಂದು ಕಡೆ ತಿಂಗಳು ಮುಗಿದು ಹೋಗಿದ್ರೆ ಇನ್ನೊಂದು ಕಡೆ ಇನ್ನೂ ಮುಗಿದಿರ್ಲಿಲ್ಲ. ಇಷ್ಟು ಲಾಗ್ ಕೈಯಲ್ಲಿ ಹೇಗೆ ನೋಡಿದ್ರಿ ಅಂದೆ. "ಕೈಯಲ್ಲಿ ಎಲ್ಲಿ ಮೇಡಂ, ಒಂದು ಸ್ಕ್ರಿಪ್ಟ್ ಬರ್ಕೊಂಡಿದ್ದೆ, ಅದೇನ್ ಕೋಡ್ ಅಲ್ಲ ಬಿಡಿ, ಐವತ್ತು ಅರವತ್ತು ಲೈನ್ ಅಷ್ಟೇ."

"ಕೋಡ್ ಅಲ್ಲ ಅಂತ ಯಾರು ಹೇಳಿದ್ದು?"

ಇಷ್ಟೇ ಕೇಳಿದ್ದು ನಾನು. ಉಳಿದ ಇಪ್ಪತ್ತು ನಿಮಿಷ ಅವನದೇ ಮಾತು. ಹಿಂದೆ ಒಂದು ಇಂಟರ್ವ್ಯೂನಲ್ಲಿ ಯಾರೋ "ಟೆಸ್ಟಿಂಗ್‌ನವರು ಬರೆಯೋದು ಕೋಡ್ ಅಲ್ಲ" ಅಂದಿದ್ರಂತೆ, ಅದು ತಲೇಲಿ ಕೂತಿತ್ತು, ಎರಡೂವರೆ ತಿಂಗಳ ಸಂಬಳ ಕೊಟ್ಟು ಕೊಳ್ಳೋಕೆ ಹೊರಟಿದ್ದು ಆ ಮಾತಿಗೆ ಎದುರಾಗಿ ತೋರಿಸೋಕೆ ಒಂದು ಸರ್ಟಿಫಿಕೇಟು. ಕೋರ್ಸ್ ಎ ಒಳ್ಳೇದಾ ಬಿ ಒಳ್ಳೇದಾ ಅಂತ ಮೊದಲ ದಿನ ಉತ್ತರ ಕೊಟ್ಟಿದ್ರೆ ಇದು ಹೊರಗೇ ಬರ್ತಿರ್ಲಿಲ್ಲ. ಅವನು ಕೋರ್ಸ್ ತಗೊಳ್ಲಿಲ್ಲ. ಬೇಡ ಅಂತ ನಾನು ಹೇಳಿದ್ದಲ್ಲ, ಮುಂದಿನ ಭೇಟಿಗೆ ಅವನೇ ಕೈಬಿಟ್ಟು ಬಂದಿದ್ದ, ಆ ಸ್ಕ್ರಿಪ್ಟನ್ನ ಟೀಮಿಗೆ ತೋರ್ಸಿ ಒಂದು ರಿಲೀಸಿನ ಆಟೊಮೇಶನ್ ತಾನೇ ಮಾಡ್ತೀನಿ ಅಂತ ಕೇಳೋದು ಅವನದೇ ಐಡಿಯಾ. ಸ್ವಲ್ಪ ಜಂಬ ಪಡ್ತೀನಿ ಇಲ್ಲಿ, ಆ ಒಂದು ಪ್ರಶ್ನೆ ನನ್ನದು.

"ಯಾಕೆ" ಅಂತ ಶುರುವಾಗೋ ಪ್ರಶ್ನೆ ನಾನು ಈಗ ಕೇಳೋದೇ ಕಮ್ಮಿ. "ಯಾಕ್ ಮಾಡಿಲ್ಲ" ಅಂದ್ರೆ ಜನ ಸಮರ್ಥನೆ ಕೊಡ್ತಾರೆ, "ಆಮೇಲೆ ಏನಾಯ್ತು" ಅಂದ್ರೆ ನಡೆದದ್ದು ಹೇಳ್ತಾರೆ. ಹಂಗಂತ ಎಲ್ಲಕ್ಕೂ ಪ್ರಶ್ನೆನೇ ತಿರುಗಿಸಿ ಕೇಳೋದೂ ದಡ್ಡತನ. ಇಂಟರ್ನಲ್ ಟ್ರಾನ್ಸ್‌ಫರ್ ಫಾರ್ಮ್ ಯಾರಿಗೆ ಕೊಡ್ಬೇಕು, ನೋಟಿಸ್ ಪೀರಿಯಡ್ ಎಷ್ಟು, ಇವಕ್ಕೆ "ನಿಮಗೇನನ್ಸತ್ತೆ" ಅಂದ್ರೆ ಎದುರಿನವರಿಗೆ ಉರಿಯತ್ತೆ. ಗೊತ್ತಿರೋ ಮಾಹಿತಿ ಒಂದು ಸಾಲಲ್ಲಿ ಕೊಟ್ಟು ಮುಂದಕ್ಕೆ ಹೋಗ್ಬೇಕು, ಅದನ್ನ ನಾನು ಬಲಗಡೆ ಗೀಟು ಹಾಕಲ್ಲ.

ಮಧ್ಯೆ ಒಂದೆರಡು ಪ್ರಯೋಗಾನೂ ಆಯ್ತು. ನಡೀತಾ ಮಾತಾಡೋದು ಟ್ರೈ ಮಾಡಿದ್ವಿ, ಮುಖ ನೋಡ್ಬೇಕಾಗಿಲ್ಲ ಅಂತ ಅವನು ಜಾಸ್ತಿ ಬಿಚ್ಚಿ ಮಾತಾಡ್ದ, ಆದ್ರೆ ವಾಪಸ್ ಬಂದಾಗ ಮುಂದೇನು ಮಾಡ್ಬೇಕು ಅಂತ ಇಬ್ಬರಿಗೂ ನೆನಪಿಲ್ಲ. ಭೇಟಿಗೆ ಮುಂಚೆ ಐದು ಸಾಲು ಬರೆದು ಕಳಿಸಿ ಅಂದಿದ್ದು ಮಾತ್ರ ಚೆನ್ನಾಗಿ ಹಿಡೀತು, ಮೊದಲ ನಾಲ್ಕು ಸಾಲು ವರದಿ, ನಿಜವಾದ ವಿಷಯ ಸಾಮಾನ್ಯವಾಗಿ ಕೊನೇ ಸಾಲಲ್ಲಿರತ್ತೆ. ಆ ಸಾಲು ಇಟ್ಕೊಂಡು ಭೇಟಿ ಹೇಗೆ ಶುರು ಮಾಡ್ತೀನಿ ಅನ್ನೋದು ಮಾತ್ರ ಹೇಳಲ್ಲ, ಎಲ್ಲಾ ಇಲ್ಲೇ ಕೊಟ್ಬಿಟ್ರೆ ನನಗೇನು ಉಳಿಯತ್ತೆ.

ಮುಗಿಸೋದು. ಮೆಂಟರಿಂಗ್ ಬಗ್ಗೆ ಅಧ್ಯಯನ ಮಾಡಿದ ಕ್ಯಾಥಿ ಕ್ರಾಮ್ ಅನ್ನೋರು 1983ರಲ್ಲೇ ಈ ಸಂಬಂಧಕ್ಕೆ ನಾಲ್ಕು ಹಂತ ಗುರುತಿಸಿದ್ರು, ಶುರು, ಬೆಳೆಯೋದು, ಬೇರ್ಪಡೋದು, ಆಮೇಲೆ ಹೊಸ ರೂಪ. ನಾವೆಲ್ಲ ಎರಡನೇದ್ರಲ್ಲೇ ಬಿಟ್ಟು ಬರ್ತೀವಿ, ಮೂರನೇದನ್ನ ಯಾರೂ ಪ್ಲಾನ್ ಮಾಡಲ್ಲ. ನಾನು ನಾಲ್ಕನೇ ತಿಂಗಳಿಂದಲೇ ಪ್ರತಿ ಭೇಟಿ ಕೊನೇಲಿ ಇನ್ನೆಷ್ಟು ಉಳಿದಿದೆ ಅಂತ ಹೇಳ್ತಿದ್ದೆ. ಅದು ಸ್ವಲ್ಪ ಕಟುವಾಗಿ ಕೇಳಿಸತ್ತೆ, ಆದ್ರೆ ಉಳಿದಿರೋದು ಮೂರೇ ಅಂತ ಗೊತ್ತಾದ ತಕ್ಷಣ ಅವನು ಮುಂದೂಡ್ತಿದ್ದ ಕೆಲಸ ಮಾಡ್ದ, ಮ್ಯಾನೇಜರ್ ಹತ್ರ ಹೋಗಿ ಟೀಮ್ ಬದಲಾಯಿಸ್ಬೇಕು ಅಂತ ನೇರವಾಗಿ ಹೇಳ್ದ. ನಾನು ಜೊತೆಗೆ ಹೋಗ್ಲಿಲ್ಲ.

ಕೊನೇ ಭೇಟಿಗೆ ಮುಂಚೆ "ಇನ್ನೊಂದು ಮೂರು ತಿಂಗಳು ಮುಂದುವರ್ಸೋಣ ಮೇಡಂ" ಅಂದ. ಇದು ಬಂದೇ ಬರತ್ತೆ, ಕೇಳೋಕೆ ಹಿತವಾಗೂ ಇರತ್ತೆ, ಹುಷಾರು. ನಾನು ಅವನ ಕೈಗೆ ಖಾಲಿ ಹಾಳೆ ಕೊಟ್ಟು ಹೊಸ ಗುರಿ ಒಂದು ಸಾಲಲ್ಲಿ ಬರೀರಿ ಅಂದೆ. ಹೊಸ ಗುರಿ ಇದ್ರೆ ಹೊಸ ಒಪ್ಪಂದ, ಹಳೇ ಗುರಿನೇ ಬೇರೆ ಮಾತಲ್ಲಿ ಬಂದ್ರೆ ಅದು ಬರೀ ಅಂಜಿಕೆ. ಐದು ನಿಮಿಷ ಪೆನ್ ಹಿಡ್ಕೊಂಡು ಕೂತಿದ್ದು "ಇಲ್ಲ, ಮುಗೀತು ಅನ್ಸತ್ತೆ" ಅಂದ. ಕೊನೇ ಭೇಟೀಲಿ ಮೊದಲ ದಿನದ ಹಾಳೆ ಪಕ್ಕ ಇಟ್ಕೊಂಡು ಏನಾಯ್ತು, ಏನಾಗ್ಲಿಲ್ಲ ಅಂತ ಅವನೇ ಓದ್ದ, ನನ್ನ ನೋಟ್‌ಬುಕ್ಕಿನ ಅವನ ಪುಟಗಳನ್ನ ಹರಿದು ಅವನಿಗೇ ಕೊಟ್ಟೆ. ಇನ್ಮೇಲೆ ಹೇಗೆ ಅನ್ನೋದನ್ನೂ ಮಾತಾಡ್ಕೊಂಡ್ವಿ: ಎರಡು ವಾರಕ್ಕೊಮ್ಮೆ ಭೇಟಿ ಇಲ್ಲ, ಒಂದು ನಿರ್ದಿಷ್ಟ ಪ್ರಶ್ನೆ ಇದ್ರೆ ಮೆಸೇಜ್, ಮೂರು ತಿಂಗಳಾದ್ಮೇಲೆ ಒಂದ್ಸಲ ಫೋನ್.

ಆ ಫೋನ್ ಬಂತು. ಇದೇ ಕಂಪನೀಲಿ ಆಟೊಮೇಶನ್ ಟೂಲ್ಸ್ ಟೀಮಿಗೆ ಹೋಗಿದಾನೆ, ಡೆವಲಪರ್ ಅನ್ನೋ ಹೆಸರು ಇನ್ನೂ ಬಂದಿಲ್ಲ, ಸಂಬಳ ಏರಿದ್ದು ಅವನು ಅಂದ್ಕೊಂಡಿದ್ದಕ್ಕಿಂತ ಕಮ್ಮಿ, ಹತ್ತು ಪರ್ಸೆಂಟ್ ಒಳಗೇ. ರೆಫರಲ್ ಕೇಳ್ಲಿಲ್ಲ. ನಕ್ಕಿದ್ದ ಸೀನಿಯರಿಗೆ ಹಾಳೆ ಕಳಿಸಿದೀನಿ, "ಇದರಲ್ಲಿ ಇಲ್ಲ" ಅನ್ನೋ ಭಾಗ ಖಾಲಿ ಬಿಟ್ಟು. ಅದನ್ನ ಅವ್ರೇ ತುಂಬ್ಕೊಳ್ಬೇಕು, ಅವ್ರ ಹತ್ರ ರೆಫರಲ್ ಕೇಳೋರು ನನಗಿಂತ ಜಾಸ್ತಿ ಇದಾರೆ.