ಥಂಬ್‌ನೇಲ್ ಮೇಲೆ ಏನು ಬರೆಯಬೇಕು, ಶೀರ್ಷಿಕೆಗೆ ಏನು ಬಿಡಬೇಕು?

ಶಿರಸಿ, ಸಿದ್ದಾಪುರ ಕಡೆಯ ಅಡುಗೆ ವಿಡಿಯೊಗಳಲ್ಲಿ ಇದನ್ನು ನೀವೂ ನೋಡಿರುತ್ತೀರಿ. ಶೀರ್ಷಿಕೆಯಲ್ಲಿ ‘ಶಿರಸಿ ತೊಡದೇವು ಮಾಡುವ ವಿಧಾನ’ ಎಂದಿರುತ್ತದೆ. ಥಂಬ್‌ನೇಲ್ ಮೇಲೂ ದಪ್ಪ ಹಳದಿ ಅಕ್ಷರದಲ್ಲಿ ‘ಶಿರಸಿ ತೊಡದೇವು’. ಅದರ ಹಿಂದಿನ ಫೋಟೊದಲ್ಲಿ ತಟ್ಟೆ ತುಂಬಾ ತೊಡದೇವು. ಒಂದೇ ವಿಷಯವನ್ನು ಮೂರು ಸಲ ಹೇಳಿದಂತಾಯಿತು. ನೋಡುವವರಿಗೆ ಹೊಸದಾಗಿ ಗೊತ್ತಾಗಿದ್ದು ಒಂದೇ.

ಇದರಿಂದ ತಪ್ಪಿಸಿಕೊಳ್ಳಲು ಹೋಗಿ ಕೆಲವರು ಇನ್ನೊಂದು ತುದಿಗೆ ಹೋಗುತ್ತಾರೆ. ಅದೇ ವಿಡಿಯೊಗೆ ಥಂಬ್‌ನೇಲ್ ಮೇಲೆ ‘ಯಾರೂ ಹೇಳದ ಗುಟ್ಟು!’ ಎಂದು ಬರೆಯುತ್ತಾರೆ. ಯಾವ ಗುಟ್ಟು? ಬೆಲ್ಲದ್ದೋ, ಅಕ್ಕಿಯದ್ದೋ, ಮಡಿಕೆಯದ್ದೋ? ಕೆಳಗಿನ ಶೀರ್ಷಿಕೆಯಲ್ಲಿ ಉತ್ತರದ ಸುಳಿವೂ ಇಲ್ಲ. ಎರಡು ಬೇರೆ ವಿಡಿಯೊಗಳ ತುಂಡು ತಂದು ಅಂಟಿಸಿದ ಹಾಗೆ ಕಾಣುತ್ತದೆ.

ಈ ಎರಡರ ನಡುವೆ ಒಂದು ದಾರಿ ಇದೆ. ತೊಡದೇವು ವಿಡಿಯೊವನ್ನೇ ಇಟ್ಟುಕೊಂಡು ಒಂದೊಂದೇ ಹೆಜ್ಜೆ ನೋಡೋಣ.

1. ಮೊದಲು ವಿಡಿಯೊದ ಗಟ್ಟಿ ಭಾಗ ಯಾವುದು ಅಂತ ಹುಡುಕಿ

ತೊಡದೇವು ಮಾಡುವ ಕ್ರಮ ನಮ್ಮ ಕಡೆಯವರಿಗೆ ಗೊತ್ತು. ನೆನೆಸಿದ ಅಕ್ಕಿಯನ್ನು ನುಣ್ಣಗೆ ರುಬ್ಬಿ, ಕಬ್ಬಿನ ಹಾಲು ಅಥವಾ ಬೆಲ್ಲ ಸೇರಿಸಿ ತೆಳ್ಳಗೆ ಹಿಟ್ಟು ಮಾಡುತ್ತಾರೆ. ಬೋರಲು ಹಾಕಿದ ಮಡಿಕೆಯನ್ನು ಕಾಯಿಸುತ್ತಾರೆ. ಕೋಲಿಗೆ ಸುತ್ತಿದ ಬಟ್ಟೆಯನ್ನು ಹಿಟ್ಟಿನಲ್ಲಿ ಅದ್ದಿ ಮಡಿಕೆಯ ಮೇಲೆ ಎಳೆಯುತ್ತಾರೆ. ಕಾಗದದಂಥ ಹಾಳೆ ಆಗುತ್ತದೆ. ಬಿಸಿ ಇರುವಾಗಲೇ ಅದನ್ನು ಎಬ್ಬಿಸಿ ಮಡಚಬೇಕು. ಆರಿದರೆ ಗರಿಯಾಗಿ ಮುರಿಯುತ್ತದೆ.

ಇಷ್ಟರಲ್ಲಿ ಹೊಸಬರಿಗೆ ಕೈಕೊಡುವ ಜಾಗ ಯಾವುದು? ಹಾಳೆ ಎಬ್ಬಿಸುವ ಹೊತ್ತು. ಮಡಿಕೆಯ ಕಾವು ಹದಕ್ಕೆ ಬಾರದಿದ್ದರೆ ಅಂಚು ಕಚ್ಚಿಕೊಂಡು ಹರಿದುಹೋಗುತ್ತದೆ. ನಿಮ್ಮ ವಿಡಿಯೊದಲ್ಲಿ ಈ ಕಾವನ್ನು ಹೇಗೆ ಗುರುತಿಸುವುದು ಎಂದು ತೋರಿಸಿದ್ದರೆ, ಅದೇ ಗಟ್ಟಿ ಭಾಗ. ಥಂಬ್‌ನೇಲ್ ಮತ್ತು ಶೀರ್ಷಿಕೆ ಎರಡೂ ಅದರ ಕಡೆಗೇ ಮುಖ ಮಾಡಬೇಕು. ಇದನ್ನು ತೀರ್ಮಾನಿಸದೆ ಅಕ್ಷರ ಜೋಡಿಸಲು ಕೂತರೆ ‘ಗುಟ್ಟು’, ‘ಅದ್ಭುತ’, ‘ನೋಡಲೇಬೇಕು’ ಅನ್ನುವ ಮಾತುಗಳೇ ಕೈಗೆ ಬರುತ್ತವೆ.

2. ಹೆಸರನ್ನು ಶೀರ್ಷಿಕೆಗೆ ಕೊಡಿ

ಜನ ಯೂಟ್ಯೂಬ್‌ನಲ್ಲಿ ಟೈಪ್ ಮಾಡಿ ಹುಡುಕುವ ಪದ ಶೀರ್ಷಿಕೆಯಲ್ಲಿ ಇರಬೇಕು. ಚಿತ್ರದ ಮೇಲಿನ ಅಕ್ಷರವನ್ನು ನಂಬಿ ಶೀರ್ಷಿಕೆಯಿಂದ ‘ತೊಡದೇವು’ ಪದವನ್ನೇ ಬಿಟ್ಟರೆ ಹುಡುಕುವವರಿಗೆ ನಿಮ್ಮ ವಿಡಿಯೊ ಸಿಗುವುದು ಕಷ್ಟ. ತೊಡದೇವು, ತೊಡೆದೇವು ಎಂದು ಎರಡು ಥರ ಬರೆಯುವವರಿದ್ದಾರೆ. ಒಂದನ್ನು ಶೀರ್ಷಿಕೆಯಲ್ಲಿ ಇಟ್ಟು, ಇನ್ನೊಂದನ್ನು ವಿಡಿಯೊ ಕೆಳಗಿನ ವಿವರಣೆಯಲ್ಲಿ ಸೇರಿಸಿ.

ಶೀರ್ಷಿಕೆಗೆ 100 ಅಕ್ಷರದ ಮಿತಿ ಇದೆ. ಆದರೆ ಅಷ್ಟೂ ಎಲ್ಲ ಕಡೆ ಕಾಣುವುದಿಲ್ಲ. ಮೊಬೈಲ್‌ನಲ್ಲಿ ಒಂದೆರಡು ಸಾಲು ಆದ ಮೇಲೆ ಮೂರು ಚುಕ್ಕಿ ಬಂದುಬಿಡುತ್ತದೆ. ಕನ್ನಡದ ಅಕ್ಷರಗಳು ಅಗಲ ಬೇರೆ. ಹಾಗಾಗಿ ತಿಂಡಿಯ ಹೆಸರು ಮತ್ತು ಮುಖ್ಯ ಮಾತು ಮುಂದೆ ಬರಲಿ, ಊರು ಕೊನೆಗೆ ಹೋಗಲಿ:

‘ತೊಡದೇವು: ಮಡಿಕೆ ಎಷ್ಟು ಕಾದರೆ ಹಾಳೆ ಚೆನ್ನಾಗಿ ಏಳುತ್ತದೆ? ಶಿರಸಿ ಕಡೆಯ ಹದ’

ಕೊನೆಯ ಎರಡು ಮೂರು ಪದ ಕತ್ತರಿಸಿ ಹೋದರೂ ಅರ್ಥ ಕೆಡುವುದಿಲ್ಲ.

3. ಚಿತ್ರ ಹೇಳಿದ್ದನ್ನು ಅಕ್ಷರದಲ್ಲಿ ಹೇಳಬೇಡಿ

ಈಗ ಫೋಟೊ ಆರಿಸಿ. ತಟ್ಟೆಯಲ್ಲಿ ಮಡಚಿಟ್ಟ ತೊಡದೇವು ಚಂದ ಕಾಣುತ್ತದೆ, ನಿಜ. ಆದರೆ ನಮ್ಮ ಶೀರ್ಷಿಕೆ ಕೇಳುತ್ತಿರುವುದು ಮಡಿಕೆಯ ಬಗ್ಗೆ. ಹಾಗಾದರೆ ಮಡಿಕೆಯ ಮೇಲೆ ಅರ್ಧ ಎದ್ದು ಅಂಚಿನಲ್ಲಿ ಹರಿದ ಹಾಳೆಯನ್ನು ಹತ್ತಿರದಿಂದ ತೆಗೆಯಿರಿ. ಮಡಿಕೆಯ ಕಪ್ಪು, ಹಾಳೆಯ ತಿಳಿ ಬಣ್ಣ, ಹರಿದ ಗೆರೆ ಮೂರೂ ಕಾಣಲಿ.

ಈ ಫೋಟೊ ಮೇಲೆ ಏನು ಬರೆಯುವುದು? ‘ತೊಡದೇವು’ ಬೇಡ, ಅದು ಕೆಳಗೆ ಇದೆ. ‘ಮಡಿಕೆ’ ಬೇಡ, ಅದು ಕಣ್ಣೆದುರೇ ಇದೆ. ನೋಡುವವರಿಗೆ ಈ ಚಿತ್ರದಿಂದ ತಾನಾಗಿ ಗೊತ್ತಾಗದ್ದು ಒಂದೇ: ಈ ಹರಿದ ಜಾಗವನ್ನು ಯಾಕೆ ತೋರಿಸುತ್ತಿದ್ದಾರೆ ಅನ್ನುವುದು. ಅದಕ್ಕೆ ಎರಡು ಪದ ಸಾಕು:

‘ಹರಿಯೋದು ಇಲ್ಲೇ’

ಹರಿದ ಅಂಚಿನ ಪಕ್ಕದಲ್ಲೇ ಈ ಮಾತು ಬರಬೇಕು. ದೂರ ಇಟ್ಟರೆ ‘ಇಲ್ಲೇ’ ಅನ್ನುವುದಕ್ಕೆ ಅರ್ಥವೇ ಇರುವುದಿಲ್ಲ. ಇಲ್ಲಿ ಆಡುಮಾತು ಬಳಸಿದ್ದಕ್ಕೂ ಕಾರಣ ಇದೆ. ಶೀರ್ಷಿಕೆ ಬರಹದ ಭಾಷೆಯಲ್ಲಿದೆ, ಹುಡುಕಲು ಅದು ಬೇಕು. ಥಂಬ್‌ನೇಲ್ ಮೇಲಿನದ್ದು ಒಲೆ ಪಕ್ಕ ಕೂತವರು ಬೆರಳು ತೋರಿಸಿ ಹೇಳುವ ಮಾತು. ಎರಡರ ದನಿ ಬೇರೆ ಇದ್ದರೆ ಒಂದನ್ನೊಂದು ನಕಲು ಮಾಡಿದಂತೆ ಕೇಳುವುದಿಲ್ಲ.

ಇಲ್ಲಿ ಒಂದು ಸೂಕ್ಷ್ಮ ಗಮನಿಸಿ. ಎರಡು ಬರಹಗಳಲ್ಲಿ ಒಂದೇ ಒಂದು ಪದವೂ ಮತ್ತೆ ಬಂದಿಲ್ಲ. ಆದರೂ ಅವು ಬೇರೆ ಬೇರೆ ಅನ್ನಿಸುವುದಿಲ್ಲ. ಶೀರ್ಷಿಕೆಯಲ್ಲಿ ಬರುವ ಮಡಿಕೆಯೂ ಹಾಳೆಯೂ ಚಿತ್ರದಲ್ಲಿ ಇವೆ, ಅಕ್ಷರ ಬೆರಳು ಮಾಡುವುದೂ ಅದೇ ಚಿತ್ರದ ಕಡೆಗೆ. ಎರಡನ್ನೂ ಕಟ್ಟಿಹಾಕುವುದು ಚಿತ್ರ. ಶೀರ್ಷಿಕೆಯ ಮುಖ್ಯ ವಸ್ತು ಚಿತ್ರದಲ್ಲಿ ಇಲ್ಲದಿದ್ದರೆ, ಅಕ್ಷರ ಎಷ್ಟೇ ಚೆನ್ನಾಗಿದ್ದರೂ ಗೊಂದಲ ತಪ್ಪಿದ್ದಲ್ಲ.

4. ಮುಚ್ಚಿ ಓದಿಸಿ

ಮನೆಯವರೊಬ್ಬರನ್ನು ಕರೆಯಿರಿ. ವಿಡಿಯೊ ಮಾಡುವಾಗ ಜೊತೆಗಿದ್ದವರು ಬೇಡ, ಅವರಿಗೆ ಎಲ್ಲ ಗೊತ್ತಿರುತ್ತದೆ. ಮೊದಲು ಥಂಬ್‌ನೇಲ್ ಮುಚ್ಚಿ ಶೀರ್ಷಿಕೆ ಮಾತ್ರ ತೋರಿಸಿ. ಯಾವುದರ ವಿಡಿಯೊ ಅಂತ ಹೇಳಬೇಕು. ಆಮೇಲೆ ಶೀರ್ಷಿಕೆ ಮುಚ್ಚಿ ಥಂಬ್‌ನೇಲ್ ತೋರಿಸಿ. ತಿಂಡಿಯ ಹೆಸರು ಹೇಳದಿದ್ದರೂ ಪರವಾಗಿಲ್ಲ, ‘ಏನೋ ಹರಿದುಹೋಗಿದೆ’ ಅನ್ನುವಷ್ಟು ತಿಳಿಯಬೇಕು. ಕೊನೆಗೆ ಎರಡನ್ನೂ ಒಟ್ಟಿಗೆ ತೋರಿಸಿ, ‘ಇದರಲ್ಲಿ ಏನು ಹೇಳಿಕೊಡ್ತಾರೆ?’ ಅಂತ ಕೇಳಿ. ‘ಹರಿಯದ ಹಾಗೆ ಎಬ್ಬಿಸೋದನ್ನ’ ಎಂದು ತಟ್ಟನೆ ಉತ್ತರ ಬಂದರೆ ಸರಿಯಾಗಿದೆ. ‘ತೊಡದೇವು ಮಾಡೋದನ್ನ’ ಎಂದಷ್ಟೇ ಬಂದರೆ ಥಂಬ್‌ನೇಲ್ ಏನೂ ಕೆಲಸ ಮಾಡಿಲ್ಲ. ‘ಯಾಕೆ ಹರಿದಿದ್ದು? ಇದು ತಮಾಷೆ ವಿಡಿಯೊನಾ?’ ಅಂದರೆ ಎರಡಕ್ಕೂ ಕೊಂಡಿ ಸಿಕ್ಕಿಲ್ಲ.

ಪ್ರವಾಸದ ವಿಡಿಯೊಗಳಲ್ಲಿ ಈ ಗೊಂದಲ ಇನ್ನೂ ಜಾಸ್ತಿ. ಯಾಣಕ್ಕೆ ಕುಮಟಾ ಕಡೆಯಿಂದಲೂ ಹೋಗಬಹುದು, ಶಿರಸಿ ಕಡೆಯಿಂದಲೂ ಹೋಗಬಹುದು. ಶೀರ್ಷಿಕೆ ‘ಕುಮಟಾದಿಂದ ಯಾಣಕ್ಕೆ ಹೋಗುವುದು ಹೇಗೆ?’ ಎಂದಿದ್ದು, ಥಂಬ್‌ನೇಲ್ ಮೇಲೆ ‘ಶಿರಸಿ ರಸ್ತೆ ಹೀಗಿದೆ!’ ಎಂದಿದ್ದರೆ ನೋಡುವವರು ಯಾವುದನ್ನು ನಂಬಬೇಕು? ವಿಡಿಯೊದಲ್ಲಿ ಎರಡೂ ದಾರಿ ಇರಬಹುದು, ಆದರೆ ಒಳಗೆ ಬರುವ ಮುಂಚೆಯೇ ಅವರು ಮುಂದೆ ಹೋಗಿರುತ್ತಾರೆ. ಆ ಕಪ್ಪು ಬಂಡೆಗಳ ಫೋಟೊ ಇದ್ದ ಮೇಲೆ ‘ಯಾಣ’ ಎಂದು ದೊಡ್ಡದಾಗಿ ಬರೆಯುವುದೂ ದಂಡ. ವಾಹನ ಇಳಿದ ಮೇಲೆ ಕಾಡಿನೊಳಗೆ ನಡೆಯುವ ದಾರಿ ಇದೆಯಲ್ಲ, ಅದರ ಫೋಟೊ ಹಾಕಿ ‘ಇಲ್ಲಿಂದ ನಡಿಗೆ’ ಎಂದು ಬರೆದರೆ ಕುಮಟಾದ ಶೀರ್ಷಿಕೆಗೆ ಅದು ಸರಿಯಾಗಿ ಹೊಂದುತ್ತದೆ. ಸಂಖ್ಯೆಗಳ ವಿಷಯದಲ್ಲೂ ಇದೇ ಎಚ್ಚರ ಬೇಕು. ಕಿಲೋಮೀಟರ್, ರೂಪಾಯಿ, ದಿನ ಯಾವುದೇ ಇರಲಿ, ಒಂದು ಕಡೆ ಮಾತ್ರ ಹಾಕಿ. ಎರಡು ಕಡೆ ಎರಡು ಅಂಕಿ ಕಂಡರೆ ಜನ ಲೆಕ್ಕ ಹಾಕುತ್ತಾ ನಿಲ್ಲುವುದಿಲ್ಲ.

ಒಂದು ಪದ ಎರಡೂ ಕಡೆ ಬರಲೇಬೇಕಾದ ಸಂದರ್ಭವೂ ಇದೆ. ಸುಟ್ಟ ಮಸಾಲೆ ಮೆತ್ತಿದ ಮೀನಿನ ಫೋಟೊ ನೋಡಿ ಅದು ಬಂಗಡೆಯೋ ಬೇರೆಯದೋ ಅಂತ ಹೇಳಲು ಕಾರವಾರದವರಿಗೂ ಕಷ್ಟ. ಅಂಥ ಕಡೆ ‘ಬಂಗಡೆ’ ಎಂಬ ಒಂದು ಪದವನ್ನು ಮೂಲೆಯಲ್ಲಿ ಸಣ್ಣದಾಗಿ ಹಾಕಿ. ಉಳಿದ ಮಾತು ಬೇರೆಯೇ ಇರಲಿ.

5. ಕನ್ನಡ ಅಕ್ಷರಕ್ಕೆ ಜಾಗ ಕೊಡಿ

ಮಾತು ಸರಿಯಿದ್ದೂ ಓದಲಾಗದಿದ್ದರೆ ಎಲ್ಲ ವ್ಯರ್ಥ. ಥಂಬ್‌ನೇಲ್ ಅನ್ನು 1280 × 720 ಪಿಕ್ಸೆಲ್‌ನಲ್ಲಿ ಮಾಡಿ. ಕೆಳಗಿನ ಬಲ ಮೂಲೆಯಲ್ಲಿ ವಿಡಿಯೊದ ಅವಧಿ ಬರುತ್ತದೆ, ಅಲ್ಲಿ ಅಕ್ಷರ ಇಡಬೇಡಿ. ಅರ್ಧ ನೋಡಿ ಬಿಟ್ಟವರಿಗೆ ಕೆಳ ಅಂಚಿನಲ್ಲಿ ಕೆಂಪು ಗೆರೆಯೂ ಕಾಣುತ್ತದೆ. ಆದ್ದರಿಂದ ಕೆಳಗೆ ಸ್ವಲ್ಪ ಜಾಗ ಬಿಡಿ.

ಮುಖ್ಯ ತೊಂದರೆ ಇರುವುದು ನಮ್ಮ ಒತ್ತಕ್ಷರಗಳಲ್ಲಿ. ಎರಡು ಸಾಲು ಬರೆದಾಗ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಹೋಗಿ ತಾಗುತ್ತದೆ. ಎಡಿಟಿಂಗ್ ಆ್ಯಪ್‌ನಲ್ಲಿ ಸಾಲುಗಳ ಅಂತರವನ್ನು ಕೈಯಾರೆ ಹೆಚ್ಚಿಸಿ. ಇನ್ನೊಂದು, ಅಕ್ಷರದ ಸುತ್ತ ಹಾಕುವ ದಪ್ಪ ಗೆರೆ. ಅದು ಜಾಸ್ತಿಯಾದರೆ ‘ದ’, ‘ಧ’, ‘ಥ’ ಮೂರೂ ಒಂದೇ ಥರ ಕಾಣುತ್ತವೆ, ಒಳಗಿನ ಸೀಳು, ಚುಕ್ಕಿ ಮುಚ್ಚಿಹೋಗುತ್ತವೆ. ಗೆರೆ ತೆಳುವಾಗಿಟ್ಟು, ಹಿಂದೆ ಒಂದು ಗಾಢ ಬಣ್ಣದ ಪಟ್ಟಿ ಹಾಕುವುದು ಒಳ್ಳೆಯದು. ಬಾಲೂ ತಮ್ಮ ಅನ್ನುವ ಉಚಿತ ಫಾಂಟ್ ದಪ್ಪಗೂ ಇದೆ, ಓದಲೂ ಬರುತ್ತದೆ.

ಮಾಡಿ ಮುಗಿಸಿದ ಚಿತ್ರವನ್ನು ಫೋನ್ ಗ್ಯಾಲರಿಯಲ್ಲಿ ಚಿಕ್ಕ ಚೌಕಗಳ ಸಾಲಿನಲ್ಲಿ ನೋಡಿ. ಕೈ ಚಾಚಿದಷ್ಟು ದೂರದಿಂದ ಓದಲು ಆಗದಿದ್ದರೆ ಅಕ್ಷರವನ್ನು ಕುಗ್ಗಿಸಿ ಹೊಂದಿಸಲು ಹೋಗಬೇಡಿ, ಪದ ಕಡಿಮೆ ಮಾಡಿ. ನಾಲ್ಕು ಪದ ದಾಟಿದರೆ ಕನ್ನಡದಲ್ಲಿ ಕಷ್ಟವೇ.

6. ಹಾಕಿದ ಮೇಲೆ ಎರಡು ಅಂಕಿಗಳನ್ನು ಒಟ್ಟಿಗೆ ನೋಡಿ

ಯೂಟ್ಯೂಬ್ ಸ್ಟುಡಿಯೊದಲ್ಲಿ ಥಂಬ್‌ನೇಲ್ ಎಷ್ಟು ಸಲ ಜನರ ಕಣ್ಣೆದುರು ಬಂತು, ಅದರಲ್ಲಿ ನೂರಕ್ಕೆ ಎಷ್ಟು ಸಲ ಒತ್ತಿದರು ಎಂಬ ಲೆಕ್ಕ ಸಿಗುತ್ತದೆ. ಯೂಟ್ಯೂಬ್ ಹೇಳುವ ಪ್ರಕಾರ ಅರ್ಧದಷ್ಟು ಚಾನೆಲ್ ಮತ್ತು ವಿಡಿಯೊಗಳಲ್ಲಿ ಇದು ಶೇ 2ರಿಂದ 10ರ ನಡುವೆ ಇರುತ್ತದೆ. ಈ ಅಂಕಿಯನ್ನು ಒಂಟಿಯಾಗಿ ನೋಡಿದರೆ ಮೋಸ ಹೋಗುತ್ತೀರಿ. ಮೊದಲ 30 ಸೆಕೆಂಡ್‌ನಲ್ಲಿ ಎಷ್ಟು ಜನ ಉಳಿದರು ಎಂಬುದನ್ನೂ ಜೊತೆಗೆ ನೋಡಿ.

ಒತ್ತುವವರು ಹೆಚ್ಚಿದ್ದು, ಶುರುವಿನಲ್ಲೇ ಬಿಟ್ಟುಹೋಗುತ್ತಿದ್ದರೆ ಅವರು ಅಂದುಕೊಂಡದ್ದು ಒಂದು, ಸಿಕ್ಕಿದ್ದು ಇನ್ನೊಂದು. ‘ಯಾರೂ ಹೇಳದ ಗುಟ್ಟು’ ಥರದ ಬರಹಕ್ಕೆ ಆಗುವುದು ಇದೇ. ಒತ್ತುವವರು ಕಡಿಮೆ ಇದ್ದು, ಬಂದವರು ಕೂತು ನೋಡುತ್ತಿದ್ದರೆ ವಿಡಿಯೊ ಸರಿಯಿದೆ, ಹೊರಗಿನ ಎರಡು ಮಾತು ಒಂದನ್ನೇ ಹೇಳುತ್ತಿರಬಹುದು.

ಬದಲಿಸುವಾಗ ಥಂಬ್‌ನೇಲ್, ಶೀರ್ಷಿಕೆ ಎರಡನ್ನೂ ಒಟ್ಟಿಗೆ ಬದಲಿಸಬೇಡಿ. ಯಾವುದರಿಂದ ವ್ಯತ್ಯಾಸ ಆಯಿತು ಅಂತ ಗೊತ್ತಾಗುವುದಿಲ್ಲ. ಕಂಪ್ಯೂಟರ್‌ನಲ್ಲಿ ಸ್ಟುಡಿಯೊ ತೆರೆದರೆ ಒಂದೇ ವಿಡಿಯೊಗೆ ಮೂರು ಥಂಬ್‌ನೇಲ್ ತನಕ ಹಾಕಿ ಹೋಲಿಸುವ ಸೌಲಭ್ಯ ಇದೆ. ಅಲ್ಲಿ ಗೆಲ್ಲುವುದು ಹೆಚ್ಚು ಸಲ ಒತ್ತಿಸಿಕೊಂಡದ್ದಲ್ಲ, ಹೆಚ್ಚು ಹೊತ್ತು ನೋಡಿಸಿಕೊಂಡದ್ದು. ನಮ್ಮ ಉದಾಹರಣೆಯಲ್ಲಿ ಶೀರ್ಷಿಕೆ ಹಾಗೆಯೇ ಇಟ್ಟು, ‘ಹರಿಯೋದು ಇಲ್ಲೇ’, ‘ಕಾವು ಸಾಲದು’ ಮತ್ತು ಅಕ್ಷರವೇ ಇಲ್ಲದ ಬರೀ ಫೋಟೊ, ಈ ಮೂರನ್ನು ಹಾಕಿ ನೋಡಬಹುದು. ಬರೀ ಫೋಟೊ ಗೆದ್ದರೆ ಬೇಸರ ಬೇಡ, ಚಿತ್ರವೇ ಎಲ್ಲ ಹೇಳಿದೆ ಅಂತ ಅರ್ಥ, ಅಕ್ಷರ ತೆಗೆದುಬಿಡಿ.

ಯಾವುದೇ ಗೆಲ್ಲಲಿ, ಆ ಹರಿದ ಹಾಳೆಯ ದೃಶ್ಯ ವಿಡಿಯೊದ ಮೊದಲ ಅರ್ಧ ನಿಮಿಷದೊಳಗೆ ಒಮ್ಮೆ ಬರಲೇಬೇಕು. ಅಕ್ಕಿ ತೊಳೆಯುವುದು ಆಮೇಲೆ ತೋರಿಸಿದರೂ ನಡೆಯುತ್ತದೆ.