ಹಳೆ ನಂಬರ್ ಬೇರೆಯವರ ಪಾಲಾದ ಮೇಲೆ ಅಕ್ಕನ ಚಾಟ್‌ಗಳನ್ನು ಉಳಿಸಿಕೊಂಡಿದ್ದು ಹೀಗೆ

ನಮ್ಮ ಅಕ್ಕ ಮಸ್ಕತ್‌ನಲ್ಲಿ ನರ್ಸ್. ಊರು ಬಿಡುವಾಗ ಇದ್ದ ಮಂಗಳೂರಿನ ನಂಬರಿನಲ್ಲೇ ಅವಳ ವಾಟ್ಸಾಪ್ ಓಡುತ್ತಿತ್ತು. ಆ ಸಿಮ್‌ಗೆ ರೀಚಾರ್ಜ್ ನಿಂತು ಬಹಳ ಕಾಲವಾಗಿದ್ದರೂ ವೈಫೈನಲ್ಲಿ ವಾಟ್ಸಾಪ್ ನಡೆಯುತ್ತಲೇ ಇತ್ತು. ಹಾಗಾಗಿ ನಂಬರ್ ಕೈಬಿಟ್ಟು ಹೋಗಿದ್ದು ಯಾರ ಗಮನಕ್ಕೂ ಬರಲಿಲ್ಲ. ಫೋನಿನ ಟಚ್ ಹೋಗಿ ಹೊಸ ಫೋನ್ ತೆಗೆದುಕೊಂಡಾಗ ವಿಷಯ ಹೊರಬಿತ್ತು. ಹೊಸ ಫೋನಿನಲ್ಲಿ ಹಳೆ ನಂಬರ್ ಹಾಕಿದರೆ ಆರು ಅಂಕಿಯ ಕೋಡ್ ಬರಲೇ ಇಲ್ಲ. ಕರೆ ಮಾಡಿ ಕೋಡ್ ಹೇಳಿ ಅಂದರೂ ಅಷ್ಟೇ, ಕರೆ ಹೋಗುವುದೂ ಅದೇ ನಂಬರಿಗೆ ತಾನೇ. ಆ ನಂಬರಿಗೆ ಫೋನ್ ಮಾಡಿದರೆ ಯಾರೋ ಬೇರೆಯವರು ಎತ್ತಿದರು.

ಅವಳ ಚಾಟ್‌ಗಳಲ್ಲಿ ತೀರಿಕೊಂಡ ಅಮ್ಮನ ವಾಯ್ಸ್ ಮೆಸೇಜುಗಳಿದ್ದವು. ಅದಕ್ಕೇ ಇದನ್ನು ಬಿಡುವ ಹಾಗಿರಲಿಲ್ಲ.

ಮೊದಲು ನಂಬರ್ ಹೇಗೆ ಹೋಯಿತು ಅನ್ನುವುದನ್ನು ಹೇಳುತ್ತೇನೆ. ನಮ್ಮ ದೇಶದಲ್ಲಿ ಬಳಕೆಯಿಲ್ಲದೆ ನಿಂತ ಅಥವಾ ಮುಚ್ಚಿಸಿದ ನಂಬರನ್ನು ಕನಿಷ್ಠ 90 ದಿನ ಬೇರೆಯವರಿಗೆ ಕೊಡುವುದಿಲ್ಲ. ಅದಾದ ಮೇಲೆ ಕೊಡಬಹುದು. 2023ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಈ ವಿಷಯ ಬಂದಾಗ ಟ್ರಾಯ್ ಹೇಳಿದ್ದೂ ಇದನ್ನೇ. ನಂಬರ್ ಬಿಡುವ ಮುಂಚೆ ಅದರ ವಾಟ್ಸಾಪ್ ಮಾಹಿತಿಯನ್ನು ತೆಗೆದುಕೊಳ್ಳುವುದು ಗ್ರಾಹಕರ ಕೆಲಸ ಅಂತ ಕೋರ್ಟ್ ಅಂದಿತ್ತು. ಅಂದರೆ ಹೊಸಬರ ಕೈಗೆ ಹೋದ ನಂಬರನ್ನು ವಾಪಸ್ ಕೇಳಲು ದಾರಿ ಇಲ್ಲ. ಸಿಮ್ ಕಂಪನಿಯ ಅಂಗಡಿಗೆ ಅಲೆದು ಪ್ರಯೋಜನವಿಲ್ಲ.

ಆದರೆ ಚಾಟ್ ನಂಬರಿನಲ್ಲಿ ಇರುವುದಿಲ್ಲ. ಅದು ಇರುವುದು ಫೋನಿನಲ್ಲಿ. ತಲುಪಿದ ಮೆಸೇಜುಗಳನ್ನು ವಾಟ್ಸಾಪ್ ತನ್ನ ಸರ್ವರಿನಲ್ಲಿ ಇಟ್ಟುಕೊಳ್ಳುವುದಿಲ್ಲ. ಹಾಗಾಗಿ ನಂಬರಿನ ಹೊಸ ಒಡೆಯ ವಾಟ್ಸಾಪ್ ಹಾಕಿಕೊಂಡರೂ ಹಳೆ ಮಾತುಕತೆ ಅವರಿಗೆ ಕಾಣುವುದಿಲ್ಲ. ಅಕ್ಕನಿಗಿದ್ದ ದೊಡ್ಡ ಹೆದರಿಕೆ ಇದೇ ಆಗಿತ್ತು. ಇನ್ನು ಗೂಗಲ್ ಡ್ರೈವ್‌ನಲ್ಲಿ ಬ್ಯಾಕಪ್ ಇದ್ದೇ ಇತ್ತು. ಆದರೆ ಅದನ್ನು ತೆರೆಯಲು ಅದೇ ಗೂಗಲ್ ಖಾತೆಯ ಜೊತೆಗೆ ಅದೇ ನಂಬರ್ ಬೇಕು. ಕೋಡ್ ಇಲ್ಲದೆ ಆ ಬ್ಯಾಕಪ್ ಇದ್ದೂ ಇಲ್ಲದ ಹಾಗೆ.

ಹಾಗಾದರೆ ಉಳಿದಿದ್ದು ಹಳೆ ಫೋನ್. ಅದರಲ್ಲಿ ವಾಟ್ಸಾಪ್ ಇನ್ನೂ ಲಾಗಿನ್ ಆಗಿದೆಯಾ ಅನ್ನುವುದೇ ಇಡೀ ಕೆಲಸದ ಪ್ರಶ್ನೆ. ಹೊಸ ಫೋನಿನಿಂದ ಕೋಡ್ ಕೇಳಿದ ಮಾತ್ರಕ್ಕೆ ಹಳೆಯದು ಲಾಗೌಟ್ ಆಗುವುದಿಲ್ಲ. ಯಾರಾದರೂ ಆ ಕೋಡನ್ನು ಹಾಕಿ ಖಾತೆ ತೆರೆದಾಗ ಮಾತ್ರ ಆಗುತ್ತದೆ. ಅಕ್ಕ ರಜೆಗೆ ಊರಿಗೆ ಹೊರಡುವ ಮೊದಲೇ ಫೋನಿನಲ್ಲಿ ಹೇಳಿದೆ: "ಅಕ್ಕ, ಹಳೆ ಫೋನನ್ನು ಯಾರ ಕೈಗೂ ಕೊಡಬೇಡ. ಅಂಗಡಿಯವರು ರೀಸೆಟ್ ಮಾಡ್ತೀವಿ ಅಂದ್ರೆ ಬೇಡ ಅನ್ನು. ವಾಟ್ಸಾಪ್ ತೆಗೆದು ಮತ್ತೆ ಹಾಕೋದೂ ಬೇಡ. ದಿನಾ ಸ್ವಲ್ಪ ಹೊತ್ತು ವೈಫೈನಲ್ಲಿ ಇಡು ಸಾಕು." ಕೊನೆಯ ಮಾತಿಗೆ ಕಾರಣವಿದೆ. ಸುಮಾರು 120 ದಿನ ನೆಟ್ ಕಾಣದ ಖಾತೆಯನ್ನು ವಾಟ್ಸಾಪ್ ಅಳಿಸಿಹಾಕುತ್ತದೆ.

ಲಾಗಿನ್ ಇದೆಯಾ ಅಂತ ನೋಡುವುದು ಸುಲಭ. ನನ್ನ ಫೋನಿನಿಂದ ಅವಳ ಹಳೆ ನಂಬರಿಗೆ ಒಂದು ಮೆಸೇಜ್ ಕಳಿಸಿದೆ. ಎರಡು ಗೆರೆ ಬಿತ್ತು, ಅವಳ ಹಳೆ ಫೋನಿನಲ್ಲೇ ಅದು ಬಂತು. ಬರದೇ ಹೋಗಿದ್ದರೆ, ಅಥವಾ ಚಾಟ್‌ನ ನಡುವೆ ಸೆಕ್ಯುರಿಟಿ ಕೋಡ್ ಬದಲಾಗಿದೆ ಅನ್ನುವ ಸಾಲು ಬಂದು ಫೋಟೋ ಬೇರೆಯಾಗಿದ್ದರೆ, ಹೊಸಬರು ಖಾತೆ ತೆರೆದಿದ್ದಾರೆ ಅಂತ ಅರ್ಥ.

ನಂಬರಿನ ಹೊಸ ಒಡೆಯರ ಹತ್ತಿರ ನಾನೇ ಮಾತಾಡಿದೆ. ಅವರ ವಾಟ್ಸಾಪ್ ಬೇರೆ ನಂಬರಿನಲ್ಲಿತ್ತು, ಇದನ್ನು ಬರೀ ಡೇಟಾಗೆ ಇಟ್ಟುಕೊಂಡಿದ್ದರು. ಪಾಪ, ಗುರುತಿಲ್ಲದ ಕೋಡ್‌ಗಳು ಬಂದು ಬಂದು ಅವರಿಗೂ ಗಾಬರಿಯಾಗಿತ್ತು. ಅವರಿಂದ ಕೋಡ್ ಕೇಳಿ ಪಡೆದು ಹೊಸ ಫೋನಿನಲ್ಲಿ ಹಾಕಿದ್ದರೆ ಖಾತೆ ತೆರೆಯುತ್ತಿತ್ತು, ನಿಜ. ನಾನು ಕೇಳಲಿಲ್ಲ. ಕೋಡನ್ನು ಯಾರಿಗೂ ಹೇಳಬೇಡಿ ಅಂತ ಮನೆಯಲ್ಲಿ ಎಲ್ಲರಿಗೂ ಹೇಳುವವನು ನಾನು. ಗುರುತಿಲ್ಲದ ಒಬ್ಬರಿಗೆ ಅದನ್ನು ಮುರಿಯಿರಿ ಅನ್ನುವುದು ಸರಿ ಕಾಣಲಿಲ್ಲ. "ಯಾರು ಕೇಳಿದರೂ ಕೊಡಬೇಡಿ, ನಾವು ಕೇಳಿದರೂ ಕೊಡಬೇಡಿ. ಒಂದೆರಡು ದಿನದಲ್ಲಿ ಖಾತೆ ತೆಗೆದುಕೊಳ್ಳುತ್ತೇವೆ" ಅಂದೆ. ಒಪ್ಪಿಕೊಂಡರು.

ಅಕ್ಕ ಬಂದ ಮೇಲೆ ಮೊದಲ ತೊಡಕು ಟಚ್. ಪರದೆ ಕಾಣುತ್ತಿತ್ತು, ಬೆರಳಿಗೆ ಮಾತ್ರ ಸ್ಪಂದಿಸುತ್ತಿರಲಿಲ್ಲ. ಇದಕ್ಕೆ ಪರದೆ ಬದಲಾಯಿಸಬೇಕಾಗಿಲ್ಲ. ಒಂದು ಟೈಪ್-ಸಿ ಹಬ್ ಚುಚ್ಚಿ ಅದಕ್ಕೆ ಕಂಪ್ಯೂಟರಿನ ಸಾಮಾನ್ಯ ಮೌಸ್ ಹಾಕಿದೆ. ಪರದೆಯ ಮೇಲೆ ಬಾಣ ಬಂತು, ಲಾಕ್‌ನ ಅಂಕಿಗಳನ್ನೂ ಅದರಲ್ಲೇ ಒತ್ತಿದೆವು. ಸಾದಾ ಓಟಿಜಿ ಪಿನ್ ಬದಲು ಹಬ್ ಯಾಕೆ ಅಂದರೆ, ಮೌಸ್ ಜೊತೆಗೆ ಪೆನ್‌ಡ್ರೈವ್ ಕೂಡ ಹಾಕಬೇಕಿತ್ತು. ಇರುವ ಒಂದೇ ತೂತು ಇದಕ್ಕೇ ಹೋಗುವುದರಿಂದ ಬ್ಯಾಟರಿಯನ್ನು ಮೊದಲೇ ಪೂರ್ತಿ ಚಾರ್ಜ್ ಮಾಡಿಕೊಂಡಿದ್ದೆ. ಪರದೆಯೇ ಕಪ್ಪಾಗಿದ್ದರೆ ಮಾತ್ರ ಹೊಸ ಪರದೆ ಹಾಕಿಸಲೇಬೇಕು. ಆಗಲೂ ಡೇಟಾ ಮುಟ್ಟಬೇಡಿ ಅಂತ ಬರೆಸಿಕೊಂಡೇ ಕೊಡಿ.

ವಾಟ್ಸಾಪ್ ತೆರೆದ ತಕ್ಷಣ ನಂಬರ್ ಬದಲಿಸಲು ಹೋಗಲಿಲ್ಲ. ಮೊದಲು Settings > Account > Two-step verification ಒಳಗೆ ಆರು ಅಂಕಿಯ ಪಿನ್ ಹಾಕಿದೆ. ನಡುವೆ ಯಾರಾದರೂ ಆ ನಂಬರಿನಲ್ಲಿ ಖಾತೆ ತೆರೆಯಲು ಹೋದರೆ ಕೋಡ್ ಒಂದೇ ಸಾಲದು, ಈ ಪಿನ್ನೂ ಬೇಕಾಗುತ್ತದೆ. ಆಮೇಲೆ Settings > Chats > Chat backup > End-to-end encrypted backup. ಅಲ್ಲಿ ಪಾಸ್‌ವರ್ಡ್ ಬದಲು 64 ಅಂಕಿಯ ಕೀ ಆರಿಸಿದೆ. ಅಂಕಿಗಳ ಜೊತೆ a ಯಿಂದ f ವರೆಗಿನ ಅಕ್ಷರಗಳೂ ಇರುವ ಉದ್ದನೆಯ ಸಾಲು ಅದು. ಅಕ್ಕ ಓದಿದಳು, ನಾನು ನೋಟ್‌ಬುಕ್‌ನಲ್ಲಿ ಬರೆದೆ. ಆಮೇಲೆ ನಾನು ಓದಿದೆ, ಅವಳು ತಾಳೆ ನೋಡಿದಳು. ಒಂದಕ್ಷರ ತಪ್ಪಿದರೂ ಬ್ಯಾಕಪ್ ತೆರೆಯುವುದಿಲ್ಲ, ವಾಟ್ಸಾಪ್‌ನವರ ಹತ್ತಿರವೂ ಅದರ ಪ್ರತಿ ಇರುವುದಿಲ್ಲ.

ಇಷ್ಟು ಕಷ್ಟ ಯಾಕೆ? ಸಾಮಾನ್ಯ ಬ್ಯಾಕಪ್‌ನ ಬೀಗದಕೈ ನಂಬರಿನ ಮೂಲಕ ವಾಟ್ಸಾಪ್‌ನಿಂದ ಬರಬೇಕು. 64 ಅಂಕಿಯ ಕೀ ಹಾಕಿದ ಬ್ಯಾಕಪ್‌ನ ಬೀಗದಕೈ ನಮ್ಮ ನೋಟ್‌ಬುಕ್‌ನಲ್ಲೇ ಇರುತ್ತದೆ. ಮುಂದೆ ಏನು ಕೆಟ್ಟರೂ ಓದಲು ಬರುತ್ತದೆ. ಬ್ಯಾಕಪ್ ಆದ ಮೇಲೆ ಫೈಲ್ಸ್ ಆಪ್‌ನಿಂದ ಈ ಫೋಲ್ಡರನ್ನು ಪೂರ್ತಿ ಪೆನ್‌ಡ್ರೈವ್‌ಗೆ ಹಾಕಿಕೊಂಡೆ:

```
Android/media/com.whatsapp/WhatsApp
```

ಇದರೊಳಗಿನ Databases ನಲ್ಲಿ `msgstore.db.crypt15` ಅನ್ನುವ ಫೈಲ್ ಇರಬೇಕು, ಅದರ ಸಮಯ ಈಗಿನದ್ದಾಗಿರಬೇಕು. ಎರಡನ್ನೂ ನೋಡಿಕೊಂಡೆ. ಅಮ್ಮನ ವಾಯ್ಸ್ ಮೆಸೇಜುಗಳು Media ಒಳಗಿದ್ದವು. ಒಂದನ್ನು ಲ್ಯಾಪ್‌ಟಾಪಿನಲ್ಲಿ ಹಾಕಿ ಕೇಳಿದ ಮೇಲೆಯೇ ಮುಂದಿನ ಹೆಜ್ಜೆ ಇಟ್ಟೆವು.

ಈಗ Settings > Account > Change number. ಇಲ್ಲಿ ಹಳೆ ನಂಬರ್, ಹೊಸ ನಂಬರ್ ಎರಡನ್ನೂ ದೇಶದ ಕೋಡ್ ಸಮೇತ ಹಾಕಬೇಕು. ಕೋಡ್ ಬರುವುದು ಹೊಸ ನಂಬರಿಗೆ ಮಾತ್ರ. ಹಳೆ ನಂಬರಿನ ಸಿಮ್ ಬೇಕಾಗಿಲ್ಲ, ಆ ಫೋನಿನಲ್ಲಿ ಖಾತೆ ಲಾಗಿನ್ ಆಗಿದ್ದರೆ ಸಾಕು. ಇದು ಬಹಳ ಜನಕ್ಕೆ ಗೊತ್ತಿಲ್ಲ. ನಂಬರ್ ಹೋಯಿತು, ಎಲ್ಲ ಹೋಯಿತು ಅಂದುಕೊಂಡು ಫೋನನ್ನೇ ರೀಸೆಟ್ ಮಾಡಿಬಿಡುತ್ತಾರೆ. ಯಾವ ನಂಬರ್ ಹಾಕುವುದು ಅಂತ ಸ್ವಲ್ಪ ಚರ್ಚೆಯಾಯಿತು. ಊರಿನ ಹೊಸ ಸಿಮ್ ತೆಗೆದುಕೊಂಡರೆ ಅದೂ ಮತ್ತೆ ರೀಚಾರ್ಜ್ ಇಲ್ಲದೆ ಹೋಗುತ್ತದೆ ಅಲ್ವಾ? ಅದಕ್ಕೆ ಅವಳು ದಿನಾ ಬಳಸುವ ಒಮಾನ್ ನಂಬರನ್ನೇ ಹಾಕಿದೆವು. ರೋಮಿಂಗ್‌ನಲ್ಲಿ ಎಸ್ಎಮ್ಎಸ್ ಬಂತು. ಆ ನಂಬರಿನಲ್ಲಿ ಮೊದಲು ವಾಟ್ಸಾಪ್ ಇರಲಿಲ್ಲ. ಇದ್ದಿದ್ದರೆ ಆ ಖಾತೆಯ ಜಾಗಕ್ಕೆ ಇದು ಬರುತ್ತಿತ್ತು, ಹಾಗಾಗಿ ಇಂಥ ಕಡೆ ಆ ಫೋನಿನ ಚಾಟ್‌ಗಳನ್ನು ಮೊದಲು ಬೇರೆ ತೆಗೆದಿಡಬೇಕು.

ನಂಬರ್ ಬದಲಾಯಿತು. ಚಾಟ್‌ಗಳು, ಗುಂಪುಗಳು ಎಲ್ಲ ಇದ್ದ ಹಾಗೇ ಇದ್ದವು. ಹಳೆ ನಂಬರಿನ ಖಾತೆ ಅಳಿದುಹೋಗುವುದರಿಂದ ಅದರ ಹೊಸ ಒಡೆಯರಿಗೂ ಇನ್ನು ತೊಂದರೆ ಇಲ್ಲ.

ಆಮೇಲೆ ಮರೆಯದೆ ಇನ್ನೊಂದು ಬ್ಯಾಕಪ್ ತೆಗೆದೆವು. ಡ್ರೈವ್‌ನಲ್ಲಿದ್ದದ್ದು ಹಳೆ ನಂಬರಿನದ್ದು, ಹೊಸ ಫೋನಿಗೆ ಬೇಕಾದದ್ದು ಹೊಸ ನಂಬರಿನದ್ದು. ಇಲ್ಲಿ ಡ್ರೈವ್ ತುಂಬಿದೆ ಅಂತ ಬ್ಯಾಕಪ್ ನಿಂತುಹೋಯಿತು. ಆಂಡ್ರಾಯ್ಡ್‌ನಲ್ಲಿ ವಾಟ್ಸಾಪ್ ಬ್ಯಾಕಪ್ ಈಗ ಗೂಗಲ್‌ನ ಉಚಿತ 15 ಜಿಬಿಯೊಳಗೇ ಲೆಕ್ಕಕ್ಕೆ ಬರುತ್ತದೆ. Include videos ಆಫ್ ಮಾಡಿದ ಮೇಲೆ ಪೂರ್ತಿಯಾಯಿತು, ವಿಡಿಯೋಗಳು ಹೇಗೂ ಪೆನ್‌ಡ್ರೈವ್‌ನಲ್ಲಿದ್ದವಲ್ಲ. ಕೊನೆಗೆ ಹೊಸ ಫೋನಿನಲ್ಲಿ ಅದೇ ಗೂಗಲ್ ಖಾತೆ, ಒಮಾನ್ ನಂಬರ್, ಕೋಡ್, ಪಿನ್, Restore, 64 ಅಂಕಿಯ ಕೀ. ಚಾಟ್‌ಗಳು ಬಂದವು.

ಹಳೆ ಫೋನ್ ಆಗಲೇ ಲಾಗೌಟ್ ಆಗಿದ್ದರೆ ಈ ದಾರಿ ಮುಚ್ಚಿದೆ. Change number ತನಕ ಹೋಗಲೂ ಆಗುವುದಿಲ್ಲ. ಆಗಲೂ 64 ಅಂಕಿಯ ಕೀ ಮತ್ತು crypt15 ಫೈಲ್ ಕೈಯಲ್ಲಿದ್ದರೆ ಲ್ಯಾಪ್‌ಟಾಪಿನಲ್ಲಿ ಓದಬಹುದು. ಪೈಥಾನ್ ಇದ್ದರೆ ಸಾಕು. ಪೆನ್‌ಡ್ರೈವ್‌ನ ಪ್ರತಿಯ ಮೇಲೆ ನಾನು ಇದನ್ನೂ ಮಾಡಿ ನೋಡಿದೆ. crypt15 ಫೈಲ್ ಮತ್ತು WhatsApp ಫೋಲ್ಡರ್ ಎರಡನ್ನೂ ಒಂದೇ ಕಡೆ ಇಟ್ಟು, KEY ಅನ್ನುವ ಜಾಗದಲ್ಲಿ ಕೀ ಹಾಕಬೇಕು:

```
pip install "whatsapp-chat-exporter[android_backup]"
wtsexporter -a -k KEY -b msgstore.db.crypt15
```

ಒಬ್ಬೊಬ್ಬರ ಚಾಟ್ ಒಂದೊಂದು ಪುಟವಾಗಿ ಬ್ರೌಸರ್‌ನಲ್ಲಿ ತೆರೆಯುತ್ತದೆ, ಫೋಟೋ, ವಾಯ್ಸ್ ಸಮೇತ. ಕೆಲವು ಕಡೆ ಹೆಸರಿನ ಬದಲು ಬರೀ ನಂಬರ್ ಕಾಣುತ್ತದೆ. ಇದನ್ನು ವಾಟ್ಸಾಪ್ ಒಳಗೆ ಮತ್ತೆ ಸೇರಿಸಲು ಬರುವುದಿಲ್ಲ, ಓದಿ ಇಟ್ಟುಕೊಳ್ಳಲು ಮಾತ್ರ.

ಕೀ ಕೂಡ ಇಲ್ಲ ಅನ್ನುವವರು ಬ್ಯಾಕಪ್ ಫೈಲಿನ ಬೀಗ ಒಡೆಸಲು ಯಾರಿಗೂ ದುಡ್ಡು ಕೊಡಬೇಡಿ, ಅದು ಆಗದ ಕೆಲಸ. ಮಾತಾಡಿದ್ದು ಇಬ್ಬರು, ಹಾಗಾಗಿ ಇನ್ನೊಬ್ಬರ ಫೋನಿನಲ್ಲಿ ಅದೇ ಚಾಟ್ ಇರುತ್ತದೆ. ಅಕ್ಕನ ಜೊತೆ ಕೆಲಸ ಮಾಡುವವರೊಬ್ಬರಿಗೆ ಹೀಗೇ ಆಗಿತ್ತು, ಅವರ ಹಳೆ ನಂಬರಿನಲ್ಲಿ ಹೊಸಬರು ಆಗಲೇ ವಾಟ್ಸಾಪ್ ತೆರೆದಿದ್ದರು. ಅವರ ಗಂಡನ ಫೋನಿನಲ್ಲಿ ಆ ಚಾಟ್ ತೆರೆದು, ಮೂರು ಚುಕ್ಕಿ ಒತ್ತಿ More > Export chat ಮಾಡಿ ಮೇಲ್‌ಗೆ ಕಳಿಸಿಕೊಂಡೆವು. ಫೋಟೋ, ವಾಯ್ಸ್ ಸೇರಿಸಿದರೆ ಇತ್ತೀಚಿನ 10,000 ಮೆಸೇಜ್, ಬರೀ ಅಕ್ಷರವಾದರೆ 40,000 ಬರುತ್ತದೆ. ಅವರದ್ದು ಅದಕ್ಕಿಂತ ಜಾಸ್ತಿ ಇತ್ತು. ಅಕ್ಷರದ ಫೈಲ್ ಬೇರೆ ತೆಗೆದು, ಹಳೆಯ ವಾಯ್ಸ್‌ಗಳನ್ನು ಅವರ ಗಂಡನ ಫೋನಿನ Media ಫೋಲ್ಡರಿನಿಂದ ನೇರವಾಗಿ ಕಾಪಿ ಮಾಡಿಕೊಂಡೆವು. ಆ ಫೋಲ್ಡರಿನಲ್ಲಿ ಯಾರ ದನಿ ಅಂತ ಹೆಸರಿರುವುದಿಲ್ಲ, ಫೈಲಿನ ಹೆಸರಿನಲ್ಲಿ ತಾರೀಕು ಮಾತ್ರ ಇರುತ್ತದೆ. ಅಕ್ಷರದ ಫೈಲಿನ ತಾರೀಕಿಗೆ ಹೊಂದಿಸಿ ಕೂತು ಕೇಳುತ್ತಾ ಬೇರೆ ಮಾಡಬೇಕಾಯಿತು.